ವೆಬ್‌ಸೈಟ್ ಹೊಸದು ಮಾಡಿಸುತ್ತೀರಾ? ಮೂರು ತಿಂಗಳ ಲೆಕ್ಕ ನೋಡಿ ಪುಟ ಅಳಿಸಲು ಬಿಡಬೇಡಿ

ಕೊಡಗಿನಲ್ಲಿ ಹೋಂಸ್ಟೇ ನಡೆಸುವವರು ಇದನ್ನು ಓದಿ. ನಮ್ಮದು ಕಕ್ಕಬ್ಬೆ ಕಡೆ. ಹೋದ ಮೇ ತಿಂಗಳಲ್ಲಿ ವೆಬ್‌ಸೈಟ್ ಹೊಸದು ಮಾಡಲು ಒಂದು ಕಂಪನಿಗೆ ಕೊಟ್ಟೆವು. ಹೆಸರು ಬೇಡ ಬಿಡಿ. ನೋಡಲು ಚೆನ್ನಾಗಿಯೇ ಮಾಡಿದರು. ನಮಗೆ ಏಟು ಬಿದ್ದದ್ದು ಹಳೆ ಪುಟಗಳಲ್ಲಿ ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ಅವರು ಆರಿಸಿದ ರೀತಿಯಿಂದ.

ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಯಾವ ಪುಟಕ್ಕೆ ಎಷ್ಟು ಕ್ಲಿಕ್ ಬಂದಿದೆ ಎಂದು ಕಾಣುತ್ತದೆ. ಆದರೆ ತೆರೆದ ಕೂಡಲೇ ಸಾಮಾನ್ಯವಾಗಿ ಬರುವುದು ಕಳೆದ 3 ತಿಂಗಳ ಲೆಕ್ಕ ಮಾತ್ರ. ಅವರು ಅದನ್ನೇ ಇಳಿಸಿಕೊಂಡು, ಕ್ಲಿಕ್ ಇಲ್ಲದ ಪುಟಗಳನ್ನೆಲ್ಲ ಅಳಿಸಿದರು. ಅಂದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಲೆಕ್ಕ. ಆ ಹೊತ್ತಿನಲ್ಲಿ ಜನ ಕಾಫಿ ಹೂವು, ಬೇಸಿಗೆ ರಜೆ ಅಂತ ಹುಡುಕುತ್ತಾರೆ. ಕಾವೇರಿ ಸಂಕ್ರಮಣವನ್ನು ಆಗ ಯಾರು ಹುಡುಕುತ್ತಾರೆ?

ನಮ್ಮ ಸಂಕ್ರಮಣದ ಪುಟ ಹೋದದ್ದು ಹೀಗೆ. ತಲಕಾವೇರಿಗೆ ಹೇಗೆ ಹೋಗಬೇಕು, ಗಾಡಿ ಎಲ್ಲಿ ನಿಲ್ಲಿಸಬೇಕು, ಭಾಗಮಂಡಲದಿಂದ ಮೇಲೆ ಸುಮಾರು 8 ಕಿಲೋಮೀಟರ್ ಎಂದೆಲ್ಲ ಅದರಲ್ಲಿ ಬರೆದಿದ್ದೆವು. ವರ್ಷದ ಹೆಚ್ಚಿನ ದಿನ ಅದು ಸುಮ್ನೆ ಬಿದ್ದಿರುತ್ತಿತ್ತು. ಅಕ್ಟೋಬರ್ ಬಂದರೆ ಉಳಿದೆಲ್ಲ ಪುಟಕ್ಕಿಂತ ಜಾಸ್ತಿ ಜನ ಅದಕ್ಕೇ ಬರುತ್ತಿದ್ದರು, ಓದಿದವರಲ್ಲಿ ಕೆಲವರು ರೂಮೂ ಕೇಳುತ್ತಿದ್ದರು. ಈ ಸಲ ಸಂಕ್ರಮಣ ಹತ್ತಿರ ಬಂದರೂ ಫೋನ್ ಬರಲಿಲ್ಲ. ಮಳೆಗಾಲದ ರಸ್ತೆ, ಪುತ್ತರಿ ಹಬ್ಬದ ಪುಟಗಳದ್ದೂ ಇದೇ ಕಥೆ. ಪ್ರವಾಸದ ಊರಿನ ಸೈಟಿಗೆ ಒಂದು ಪೂರ್ತಿ ವರ್ಷಕ್ಕಿಂತ ಕಡಿಮೆ ಲೆಕ್ಕ ಸಾಲದು. ಸರ್ಚ್ ಕನ್ಸೋಲ್ 16 ತಿಂಗಳವರೆಗೆ ಇಟ್ಟಿರುತ್ತದೆ, ದಿನಾಂಕದ ಆಯ್ಕೆಯಲ್ಲಿ ಅದನ್ನು ಒತ್ತಿದರೆ ಸಾಕು.

ತಡಿಯಂಡಮೋಳ್ ಚಾರಣದ ಬಗ್ಗೆ ಬೇರೆ ಬೇರೆ ಕಾಲದಲ್ಲಿ ಬರೆದ ಮೂರು ಪುಟ ಇದ್ದವು. ಅವನ್ನು ಒಂದೇ ಮಾಡಿದ್ದು ಸರಿ. ಆದರೆ ಉಳಿಸಿಕೊಂಡದ್ದು ಹೊಸದನ್ನು, ಅದರಲ್ಲಿ ಫೋಟೋ ಚೆನ್ನಾಗಿದೆ ಅಂತ. ಹೊರಗಿನ ಚಾರಣದ ಸೈಟುಗಳು ಲಿಂಕ್ ಕೊಟ್ಟಿದ್ದು ಹಳೆಯದಕ್ಕೆ. ಇದು ಸರ್ಚ್ ಕನ್ಸೋಲ್‌ನ Links ವಿಭಾಗದಲ್ಲೇ ಕಾಣುತ್ತಿತ್ತು. ಹೊರಗಿನ ಲಿಂಕ್ ಇರುವ ವಿಳಾಸವನ್ನು ಉಳಿಸಿಕೊಂಡು, ಉಳಿದೆರಡರ ಬರಹವನ್ನೂ ಹೊಸ ಫೋಟೋವನ್ನೂ ಅದಕ್ಕೆ ತುಂಬಬೇಕಿತ್ತು. ಆಮೇಲೆ ಆ ಎರಡು ವಿಳಾಸಗಳಿಂದ ಇಲ್ಲಿಗೆ ಕಾಯಂ ದಾರಿ ತಿರುಗಿಸಬೇಕಿತ್ತು. ಅಪಾಚೆ ಸರ್ವರ್ ಆದರೆ `.htaccess` ಕಡತದಲ್ಲಿ ಒಂದೊಂದಕ್ಕೆ ಒಂದು ಸಾಲು:

```
Redirect 301 /tadiandamol-photos/ /tadiandamol-trek/
```

ಅವರು ಮಾಡಿದ್ದೇನು ಗೊತ್ತಾ? ಅಳಿಸಿದ ಅಷ್ಟೂ ಪುಟಗಳನ್ನು ಮುಖಪುಟಕ್ಕೆ ತಿರುಗಿಸಿದರು. ಸಂಕ್ರಮಣ ಅಂತ ಒತ್ತಿದವರಿಗೆ ಸಿಕ್ಕಿದ್ದು ರೂಮಿನ ಫೋಟೋ. ಸಂಬಂಧವಿಲ್ಲದ ಪುಟಕ್ಕೆ ಹೀಗೆ ತಿರುಗಿಸಿದರೆ ಗೂಗಲ್ ಅದನ್ನು ‘ಪುಟವೇ ಇಲ್ಲ’ ಎಂಬಂತೆಯೇ ಎಣಿಸಬಹುದು. ಸರ್ಚ್ ಕನ್ಸೋಲ್‌ನಲ್ಲಿ Soft 404 ಎಂದು ಬಂದರೆ ಇದನ್ನೂ ಅನುಮಾನಿಸಿ. ನಿಜವಾಗಿಯೂ ಬೇಡದ, ಬದಲಿ ಇಲ್ಲದ ಪುಟಕ್ಕೆ ‘ಪುಟ ಇಲ್ಲ’ ಎಂದು ಹೇಳುವ 404 ಬರುವುದೇ ಸರಿ.

ಫೋಟೋಗಳದ್ದು ಇನ್ನೊಂದು ರಗಳೆ. ‘ಬಳಕೆಯಲ್ಲಿಲ್ಲದ ಚಿತ್ರ’ ಹುಡುಕುವ ಪ್ಲಗಿನ್ ಓಡಿಸಿ, ಅದು ತೋರಿಸಿದ್ದನ್ನೆಲ್ಲ ತೆಗೆದರು. ಅದು ನೋಡಿದ್ದು ಸೈಟಿನ ಒಳಗಷ್ಟೇ. ಮನೆಗೆ ಬರುವ ದಾರಿಯ ನಕ್ಷೆ ಯಾವ ಪುಟದಲ್ಲೂ ಇರಲಿಲ್ಲ, ನಿಜ. ಅದರ ಲಿಂಕ್ ಇದ್ದದ್ದು ಬುಕಿಂಗ್ ಆದವರಿಗೆ ಹೋಗುವ ಮೇಲ್‌ನಲ್ಲಿ. ಜುಲೈ ಮಳೆಯಲ್ಲಿ ಅತಿಥಿಯೊಬ್ಬರು ಫೋನ್ ಮಾಡಿ, “ಸಾರ್, ನಿಮ್ಮ ಮ್ಯಾಪ್ ಓಪನ್ ಆಗ್ತಿಲ್ಲ, ಯಾವುದೋ ಕಾಫಿ ತೋಟದ ಗೇಟ್ ಹತ್ರ ನಿಂತಿದ್ದೀವಿ” ಅಂದರು. ಆ ಕಡೆ ನೆಟ್‌ವರ್ಕ್ ಸಿಕ್ಕಿದ್ದೇ ಪುಣ್ಯ. ಚಿತ್ರ ಅಳಿಸುವ ಮುನ್ನ ಮೇಲ್, ವಾಟ್ಸಾಪ್ ಸಿದ್ಧ ಸಂದೇಶ, ಪಿಡಿಎಫ್, ಅಚ್ಚು ಹಾಕಿಸಿದ ಕ್ಯೂಆರ್ ಕೋಡ್ ಇವನ್ನು ಮನೆಯವರೇ ಕೂತು ನೋಡಬೇಕು. ಇವು ಹೊರಗಿನವರಿಗೆ ಗೊತ್ತಿರುವುದಿಲ್ಲ.

ಕೆಲಸ ಕೊಡುವಾಗಲೇ ಒಂದು ಶೀಟ್ ಕೇಳಿ. ಒಂದು ವಿಳಾಸಕ್ಕೆ ಒಂದು ಸಾಲು: 16 ತಿಂಗಳ ಕ್ಲಿಕ್, ಹೊರಗಿನ ಲಿಂಕ್, ಇರಲಿ ಅಥವಾ ಸೇರಿಸು ಅಥವಾ ತೆಗೆ, ಕೊನೆಗೆ ಹೊಸ ವಿಳಾಸ. ಪಟ್ಟಿಯನ್ನು ಮೆನುವಿನಿಂದ ಮಾಡಿದರೆ ಒಪ್ಪಬೇಡಿ. ಮೆನುವಿನಲ್ಲಿ ಇಲ್ಲದ ಪುಟಗಳಿಗೂ ಗೂಗಲ್‌ನಿಂದ ಜನ ಬರುತ್ತಿರುತ್ತಾರೆ. ಸೈಟಿನ ವಿಳಾಸಗಳನ್ನು ಗೂಗಲ್‌ಗೆ ತಿಳಿಸುವ ಸೈಟ್‌ಮ್ಯಾಪ್ ಕಡತವನ್ನೂ ಸರ್ಚ್ ಕನ್ಸೋಲನ್ನೂ ಕೂಡಿಸಿ ಪಟ್ಟಿ ಮಾಡಬೇಕು. ‘ತೆಗೆ’ ಎಂದಿರುವ ಸಾಲುಗಳನ್ನು ಒಂದೊಂದಾಗಿ ನೀವೇ ಓದಿ, ಆಮೇಲೆ ಹೂಂ ಅನ್ನಿ.

ಈಗಾಗಲೇ ಅಳಿಸಿಯಾಗಿದ್ದರೆ ತಡಮಾಡಬೇಡಿ. ಅಳಿಸಿದ ಪುಟಗಳ ಹಳೆ ಕ್ಲಿಕ್ಕುಗಳು ಸರ್ಚ್ ಕನ್ಸೋಲ್‌ನಲ್ಲಿ 16 ತಿಂಗಳು ಕಾಣುತ್ತವೆ. ನಾವು ಹಿಂದಿನ ಅಕ್ಟೋಬರನ್ನು ಈ ಅಕ್ಟೋಬರ್ ಪಕ್ಕ ಇಟ್ಟು, ಯಾವುದು ಕಾಣೆಯಾಗಿದೆ ಎಂದು ಗುರುತಿಸಿದೆವು. ಬರಹ ಹಳೆ ಹೋಸ್ಟಿಂಗ್‌ನ ಬ್ಯಾಕಪ್‌ನಲ್ಲಿ ಸಿಕ್ಕಿತು. ಸಂಕ್ರಮಣದ ಪುಟವನ್ನು ಅದೇ ಹಳೆ ವಿಳಾಸದಲ್ಲಿ ಮತ್ತೆ ಹಾಕಿದ್ದೇವೆ. ಈ ವರ್ಷದ ಜನವಂತೂ ಬರಲಿಲ್ಲ. ನಕ್ಷೆ ಬ್ಯಾಕಪ್‌ನಲ್ಲೂ ಇರಲಿಲ್ಲ, ಮತ್ತೆ ಬರೆಸಬೇಕಾಯಿತು.