ಮೋಲ್ಡ್ ಹಾಕೋ ಮುಂಚಿನ ಚೆಕ್‌ಲಿಸ್ಟ್: ವರ್ಡ್, ಗೂಗಲ್ ಫಾರ್ಮ್ಸ್, ಎಕ್ಸೆಲ್

ಮೊದಲೇ ಹೇಳಿಬಿಡ್ತೀನಿ, ನನ್ನ ವೋಟು ಎಕ್ಸೆಲ್‌ಗೆ, ಅದೂ ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದು ಪೆನ್ನಲ್ಲಿ ತುಂಬುವ ಎಕ್ಸೆಲ್‌ಗೆ. ನಾನು ನೋಡಿಕೊಳ್ಳುವುದು ಮನೆ ಕಟ್ಟುವ ಸೈಟ್‌ಗಳು. ಕಾಂಕ್ರೀಟ್ ಬೀಳುವ ಮುಂಚೆ ನೋಡಬೇಕಾದದ್ದು ನಲವತ್ತರ ಮೇಲಿದೆ. ಒಂದೇ ಉದ್ದ ಪಟ್ಟಿ ಮಾಡಿದರೆ ಅರ್ಧಕ್ಕೆ ಬರುವಷ್ಟರಲ್ಲಿ ಕೈ ಸುಮ್ನೆ ಟಿಕ್ ಹಾಕುತ್ತಾ ಹೋಗುತ್ತೆ.

ಅದಕ್ಕೇ ವಿಭಾಗ ಬೇಕು. ನಾನು ವಿಂಗಡಿಸುವುದು ಸರಿಮಾಡಬೇಕಾದ ಆಳಿನ ಪ್ರಕಾರ: ಸೆಂಟ್ರಿಂಗ್, ಕಂಬಿ, ವೈರಿಂಗ್ ಪೈಪು, ಪ್ಲಂಬಿಂಗ್, ಕಾಂಕ್ರೀಟ್ ತಯಾರಿ. ಕೆಳಗೆ ನಿಂತು ಪ್ರಾಪ್‌ಗಳನ್ನು ನೋಡಿ, ಆಮೇಲೆ ಏಣಿ ಹತ್ತುತ್ತೇನೆ, ಸಾಲುಗಳೂ ಅದೇ ಕ್ರಮದಲ್ಲಿವೆ. ಪ್ರತಿ ಸಾಲೂ 'ಇದ್ದರೆ ಪಾಸ್' ಅನ್ನುವ ಹಾಗಿರಬೇಕು. 'ಶೀಟ್ ಸಂದಿಯಲ್ಲಿ ಸೋರಿಕೆ ಇದೆಯೇ' ಅಂತ ಬರೆದರೆ ಪಾಸ್ ಅಂದರೆ ಸೋರುತ್ತಾ, ಸೋರಲ್ವಾ? 'ಸಂದಿ ಮುಚ್ಚಿದೆ' ಅಂತ ಬರೆದರೆ ಗೊಂದಲವೇ ಇಲ್ಲ.

ವರ್ಡ್ ನೋಡಲು ಚೆಂದ. ಆದರೆ ಎರಡನೇ ಪುಟದಲ್ಲಿ ಪಾಸ್, ಫೇಲ್ ಶೀರ್ಷಿಕೆ ಬರಬೇಕಾದರೆ `Repeat Header Rows` ಒತ್ತಬೇಕು, ಟೇಬಲ್‌ನ ಟೆಕ್ಸ್ಟ್ ರ‍್ಯಾಪಿಂಗ್ `Around` ಆಗಿದ್ದರೆ ಅದು ಕೆಲಸವೇ ಮಾಡಲ್ಲ. ಯಾವ ವಿಭಾಗದಲ್ಲಿ ಎಷ್ಟು ಫೇಲ್ ಅಂತ ಲೆಕ್ಕ ಹಾಕುವುದೂ ಸಲೀಸಲ್ಲ.

ಗೂಗಲ್ ಫಾರ್ಮ್ಸ್ ಮೇಲೆ ಆಸೆ ಜಾಸ್ತಿ ಇತ್ತು. ಪುಕ್ಕಟೆ, ಫೋನಲ್ಲೇ ತುಂಬಬಹುದು, ವಿಭಾಗ ಮಾಡುವುದೂ ಸಲೀಸು. ಪ್ರತಿ ವಿಭಾಗಕ್ಕೆ ಒಂದು `Multiple choice grid` ಹಾಕಿದರೆ ಸಾಲುಗಳು ಎಡಕ್ಕೆ, ಪಾಸ್ ಫೇಲ್ ಬಲಕ್ಕೆ, ನಮಗೆ ಬೇಕಾದ ರೂಪವೇ. ಎಡವಟ್ಟಾಗುವುದು ಷರಾದಲ್ಲಿ. ಗ್ರಿಡ್ ಒಳಗೆ ಒತ್ತುವ ಗುಂಡಿ ಮಾತ್ರ ಇರುತ್ತೆ, ಬರೆಯಲು ಜಾಗ ಇಲ್ಲ.

ಒಂದು ಉದಾಹರಣೆ ನೋಡಿ. ಡ್ರಾಯಿಂಗ್‌ನಲ್ಲಿ ಕಂಬಿಯ ಅಂತರ 150 ಎಂಎಂ. ಟೇಪ್ ಹಿಡಿದು 10 ಗ್ಯಾಪ್ ಅಳೆದರೆ 1.5 ಮೀಟರ್ ಬರಬೇಕು, 1.7 ಬಂತು. ಅಂದರೆ ಸರಾಸರಿ 170. 'ಅಂತರ: ಫೇಲ್' ಅಂತ ಅಷ್ಟೇ ಹೋದರೆ ಬಾರ್ ಬೆಂಡರ್ ಏನು ಮಾಡಬೇಕು? 'ಅಡುಗೆಮನೆ ಮೇಲೆ, ಕಿಟಕಿ ಪಕ್ಕ, 150ರ ಬದಲು 170' ಅಂತ ಅದೇ ಸಾಲಿನ ಪಕ್ಕದಲ್ಲಿ ಇರಬೇಕು. ಗ್ರಿಡ್ ಕೆಳಗೆ ಷರಾಗೆ ಒಂದು ಪ್ರಶ್ನೆ ಸೇರಿಸಬಹುದು, ಆದರೆ ಕಂಬಿ ವಿಭಾಗದ ಒಂಬತ್ತು ಸಾಲಿಗೂ ಅದೊಂದೇ ಡಬ್ಬಿ. ಅಲ್ಲಿ 'ಕಿಟಕಿ ಪಕ್ಕ ಸರಿ ಇಲ್ಲ' ಅಂತ ಬಂದರೆ ಅಂತರವೋ, ಕವರ್ ಬ್ಲಾಕೋ, ಕಟ್ಟಿದ ತಂತಿಯೋ ಗೊತ್ತಾಗಲ್ಲ. ಗ್ರಿಡ್ ಬಿಟ್ಟು ಪ್ರತಿ ಸಾಲಿಗೂ ಬೇರೆ ಪ್ರಶ್ನೆ, ಬೇರೆ ಷರಾ ಮಾಡಿದರೆ ಎಂಬತ್ತು ಪ್ರಶ್ನೆ ದಾಟುತ್ತೆ. ಫೇಲ್ ಅಂದಾಗ ಮಾತ್ರ ಷರಾ ಕೇಳಲಿ ಅಂದರೆ, ಉತ್ತರ ನೋಡಿ ಬೇರೆ ವಿಭಾಗಕ್ಕೆ ಕಳಿಸುವ ಸೌಲಭ್ಯ ಗ್ರಿಡ್‌ಗೆ ಇಲ್ಲ. ಇಷ್ಟೆಲ್ಲ ಆಗಿ ಉತ್ತರಗಳ ಶೀಟ್ ತೆರೆದರೆ ಗ್ರಿಡ್‌ನ ಒಂದೊಂದು ಸಾಲೂ ಒಂದೊಂದು ಕಾಲಂ ಆಗಿ ಅಡ್ಡಕ್ಕೆ ಮಲಗಿರುತ್ತೆ, ಬಲಕ್ಕೆ ಎಳೆದೂ ಎಳೆದೂ ಸಾಕಾಗುತ್ತೆ.

ಎಕ್ಸೆಲ್‌ನಲ್ಲಿ ಈ ರಗಳೆ ಇಲ್ಲ. ಎ ವಿಭಾಗ, ಬಿ ಕ್ರಮಸಂಖ್ಯೆ, ಸಿ ನೋಡಬೇಕಾದದ್ದು, ಡಿ ಪಾಸ್, ಇ ಫೇಲ್, ಎಫ್ ಷರಾ. ಎಫ್ ಅನ್ನು ಧಾರಾಳವಾಗಿ ಅಗಲ ಇಡಿ. ಪಾಸ್ ಫೇಲ್ ಒಂದೇ ಕಾಲಂನಲ್ಲಿ ಸಾಕು ಅನ್ನುವವರಿದ್ದಾರೆ, ನನಗೆ ಎರಡೇ ಬೇಕು. ಫೇಲ್ ಕಾಲಂ ಮೇಲಿಂದ ಕೆಳಗೆ ಕಣ್ಣಾಡಿಸಿದರೆ ಗುರುತುಗಳು ಎದ್ದು ಕಾಣುತ್ತವೆ. ಅನ್ವಯಿಸದಿದ್ದರೆ ಎರಡರಲ್ಲೂ ಅಡ್ಡಗೆರೆ. ಖಾಲಿ ಇದ್ದರೆ ನೋಡಿಲ್ಲ ಅಂತ.

ಒಂದೇ ಒಂದು ಎಚ್ಚರಿಕೆ: ವಿಭಾಗದ ಹೆಸರು ಚೆಂದ ಕಾಣಲಿ ಅಂತ ಎ ಕಾಲಂನ ಸೆಲ್‌ಗಳನ್ನು ಮರ್ಜ್ ಮಾಡಬೇಡಿ. ಮರ್ಜ್ ಮಾಡಿದರೆ ಹೆಸರು ಮೊದಲ ಸೆಲ್‌ನಲ್ಲಿ ಮಾತ್ರ ಉಳಿಯುತ್ತೆ, ಉಳಿದವು ಖಾಲಿ. 'ಕಂಬಿ' ಅಂತ ಫಿಲ್ಟರ್ ಮಾಡಿದರೆ ಒಂದೇ ಸಾಲು ಬರುತ್ತೆ, ಲೆಕ್ಕವೂ ತಪ್ಪುತ್ತೆ. ಪ್ರತಿ ಸಾಲಿನಲ್ಲೂ ಹೆಸರು ಬರೆದು, ವಿಭಾಗ ಬದಲಾಗುವ ಕಡೆ ದಪ್ಪ ಗೆರೆ ಎಳೆದರೆ ಆಯ್ತು. ಸಂಜೆ ಹಾಳೆ ನೋಡಿ `x` ತುಂಬಿದರೆ ಇದು ಲೆಕ್ಕ ಕೊಡುತ್ತೆ:

```
=COUNTIFS(A$2:A$60,"ಕಂಬಿ",E$2:E$60,"x")
```

ಕಂಬಿಯ ಫೇಲ್ ಸಾಲುಗಳನ್ನಷ್ಟೇ ಫಿಲ್ಟರ್ ಮಾಡಿ, ಸ್ಕ್ರೀನ್‌ಶಾಟ್ ತೆಗೆದು ಬಾರ್ ಬೆಂಡರ್‌ಗೆ ವಾಟ್ಸಾಪ್ ಮಾಡುತ್ತೇನೆ. ಪ್ಲಂಬರ್‌ಗೆ ಅವರದ್ದು. ಪ್ರಿಂಟ್‌ನಲ್ಲಿ ಶೀರ್ಷಿಕೆ ಪ್ರತಿ ಪುಟಕ್ಕೂ ಬರಲು `Print Titles` ಒಳಗೆ `Rows to repeat at top`.

ಒಂದೇ ಕೆಲಸ ಎರಡು ಸಲ ಆಗುತ್ತೆ, ಪೆನ್ನಲ್ಲೊಮ್ಮೆ ಕೀಬೋರ್ಡಲ್ಲೊಮ್ಮೆ, ನಿಜ. ಆದರೆ ಬಿಸಿಲಲ್ಲಿ ಕಂಬಿ ಮೇಲೆ ನಿಂತು, ಒಂದು ಕೈಯಲ್ಲಿ ಟೇಪ್ ಹಿಡಿದು ಫೋನಲ್ಲಿ ಕನ್ನಡ ಟೈಪ್ ಮಾಡುವುದು ನನ್ನ ಕೈಲಿ ಆಗಲ್ಲ. ದುಡ್ಡು ಕೊಟ್ಟರೆ ಸಾಲಿಗೊಂದು ಫೋಟೋ, ಸಾಲಿಗೊಂದು ಷರಾ ಹಾಕುವ ಆಪ್‌ಗಳೂ ಇವೆ. ಆಳಿಗಿಷ್ಟು ಅಂತ ತಿಂಗಳ ಬಾಡಿಗೆ ಕಟ್ಟುವಷ್ಟು ಸೈಟ್ ನನ್ನ ಹತ್ತಿರ ಇಲ್ಲ. ಐದಾರು ಸೂಪರ್‌ವೈಸರ್‌ಗಳು ಬೇರೆ ಬೇರೆ ಊರಿಂದ ಒಂದೇ ಆಫೀಸಿಗೆ ವರದಿ ಕಳಿಸಬೇಕಾದವರು ಅದನ್ನೇ ತಗೊಳ್ಳಲಿ.