ಫೋನ್ ಬಾಟ್ ಎಷ್ಟು ಹೊತ್ತು ಕಾಯಬೇಕು? ಮೂರು ವಿಧಾನಗಳ ಹೋಲಿಕೆ

ಸಿಂಧನೂರು, ಮಾನ್ವಿ ಕಡೆಯ ರೈತರು ಭತ್ತ ಕೊಯ್ಯುವ ಮಷಿನ್ ಬುಕ್ ಮಾಡಲು ಫೋನ್ ಮಾಡಿದರೆ ಮಾತಾಡಿಸುವ ಬಾಟ್ ಅಂದುಕೊಳ್ಳಿ. ಅದು ಕೇಳುವುದು ನಾಲ್ಕೇ ಪ್ರಶ್ನೆ: ಯಾವ ಊರು, ಎಷ್ಟು ಎಕರೆ, ಯಾವ ತಾರೀಖು, ಮೊಬೈಲ್ ನಂಬರ್.

ಎಕರೆ ಕೇಳಿದಾಗ ರೈತರು "ಮೂರ್ ಎಕ್ರೆ..." ಅಂದು, ಮನಸ್ಸಿನಲ್ಲೇ ಲೆಕ್ಕ ಹಾಕಿ, "ಇಪ್ಪತ್ತ್ ಗುಂಟೆ ರೀ" ಅನ್ನುತ್ತಾರೆ. ನಡುವಿನ ಮೌನವನ್ನೇ ಮಾತಿನ ಕೊನೆ ಅಂತ ತಿಳಿದ ಬಾಟ್ 3 ಎಕರೆ ಬರೆದುಕೊಂಡು, "ಯಾವ ತಾರೀಖಿಗೆ ಬೇಕು?" ಅಂತ ಮುಂದೆ ಹೋಗುತ್ತದೆ. ಉಳಿದ "ಇಪ್ಪತ್ತು" ತಾರೀಖಿನ ಖಾನೆಗೆ ಬೀಳುತ್ತದೆ. ಮೂರೂವರೆ ಎಕರೆ ಮೂರಾಯಿತು, ಮಷಿನ್ 20ನೇ ತಾರೀಖಿಗೆ ಬುಕ್ ಆಯಿತು. ಲಾಗ್ ನೋಡಿದರೆ ಒಂದೊಂದು ಪದವೂ ಸರಿಯಾಗಿಯೇ ಇರುತ್ತದೆ. ಇಂಥದ್ದಕ್ಕೆ ಮಾತು ಗುರುತಿಸುವ ಮಾಡೆಲ್ ಬದಲಾಯಿಸಿ ಪ್ರಯೋಜನವಿಲ್ಲ, ತಪ್ಪಿರುವುದು ಕಾಯುವುದರಲ್ಲಿ.

ಎಲ್ಲ ಪ್ರಶ್ನೆಗೂ ಒಂದೇ ಕಾಯುವಿಕೆ

ಸುಲಭದ ದಾರಿ ಇದು. 700 ಮಿಲಿಸೆಕೆಂಡ್ ಮೌನವಾದರೆ ಮಾತು ಮುಗಿಯಿತು ಎಂದು ಲೆಕ್ಕ. "ಹೌದು", "ಬ್ಯಾಡ್ರಿ" ಅನ್ನುವಂಥ ಉತ್ತರಕ್ಕೆ ಇದು ಸಾಕು, ಎಕರೆ ಮತ್ತು ನಂಬರಿಗೆ ಸಾಲದು. 1500ಕ್ಕೆ ಏರಿಸಿದರೆ ಗುಂಟೆ ಉಳಿಯುತ್ತದೆ, ಆದರೆ ಗುರುತಿಸುವ, ಉತ್ತರದ ಧ್ವನಿ ತಯಾರಿಸುವ ಹೊತ್ತೂ ಸೇರಿ ಪ್ರತಿ ಸಲ ಎರಡು ಸೆಕೆಂಡ್ ದಾಟುತ್ತದೆ. ಆಗ ಆ ಕಡೆಯವರು "ಹಲೋ, ಕೇಳಾಕತ್ತದೇನ್ರಿ?" ಅನ್ನುತ್ತಾರೆ, ಆ ಮಾತೂ ಉತ್ತರಕ್ಕೆ ಸೇರಿಕೊಳ್ಳುತ್ತದೆ.

ಪ್ರಶ್ನೆಗೆ ತಕ್ಕ ಕಾಯುವಿಕೆ

ನನ್ನ ಮತ ಇದಕ್ಕೆ. ಬಾಟ್‌ಗೆ ತಾನು ಏನು ಕೇಳಿದೆ ಅಂತ ಗೊತ್ತೇ ಇದೆ, ಅದನ್ನೇ ಬಳಸಿಕೊಳ್ಳಬೇಕು.

```python
wait_ms = {"yes_no": 500, "place": 900,
           "acre": 1400, "date": 1000,
           "mobile": 1800}
```

ಮೊಬೈಲ್ ನಂಬರನ್ನು ಜನ ತುಂಡು ತುಂಡಾಗಿ ಹೇಳುವುದರಿಂದ ಅದಕ್ಕೆ ಹೆಚ್ಚು ಸಮಯ. ಆದರೆ 10 ಅಂಕಿ ಬಂದ ಮೇಲೆ 1800 ಕಾಯಬೇಕಿಲ್ಲ, 400ಕ್ಕೆ ಇಳಿಸಿ. ಎಕರೆಯಲ್ಲೂ "ಗುಂಟೆ" ಅಥವಾ "ವರೆ" ಕೇಳಿಸಿದ ಕೂಡಲೇ ಹಾಗೇ ಮಾಡಬಹುದು.

1400 ದಾಟಿ ಗುಂಟೆ ಬರುವುದೂ ಉಂಟು. ಅದಕ್ಕೊಂದು ಕಾವಲು ಬೇಕು: ಬಾಟ್ ಮುಂದಿನ ಪ್ರಶ್ನೆ ಶುರುಮಾಡಿದ ಮೊದಲ ಅರ್ಧ ಸೆಕೆಂಡಿನಲ್ಲೇ ರೈತರ ಮಾತು ಬಂದರೆ, ಅದು ಹೊಸ ಪ್ರಶ್ನೆಯ ಉತ್ತರವಾಗಿರಲು ಸಾಧ್ಯವಿಲ್ಲ, ಪ್ರಶ್ನೆಯನ್ನೇ ಅವರಿನ್ನೂ ಪೂರ್ತಿ ಕೇಳಿಲ್ಲ. ಬಾಟ್ ತನ್ನ ಮಾತು ನಿಲ್ಲಿಸಿ, ಬಂದದ್ದನ್ನು ಹಿಂದಿನ ಉತ್ತರಕ್ಕೆ ಜೋಡಿಸಬೇಕು. ಸ್ಪೀಕರ್ ಹಾಕಿಕೊಂಡವರ ಫೋನಿನಿಂದ ಬಾಟ್‌ನ ದನಿಯೇ ವಾಪಸ್ ಬರುತ್ತದೆ, ಹಾಗಾಗಿ ಪ್ರತಿಧ್ವನಿ ತೆಗೆಯುವ ವ್ಯವಸ್ಥೆ ಇರಲಿ, 200 ಮಿಲಿಸೆಕೆಂಡ್‌ಗಿಂತ ಚಿಕ್ಕ ಸದ್ದನ್ನು ಮಾತೆಂದು ಎಣಿಸಬೇಡಿ.

ವಾಕ್ಯದ ಕೊನೆ ನೋಡಿ ತೀರ್ಮಾನಿಸುವುದು

ಮಾತು ನಡೆಯುತ್ತಿರುವಾಗಲೇ ಬರುವ ಅರೆ ಪಠ್ಯವನ್ನು ಓದಿ ಮುಗಿಯಿತೋ ಇಲ್ಲವೋ ಹೇಳುವ ವಿಧಾನ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುವುದರಿಂದ ಇದು ಚೆನ್ನಾಗಿ ಒಗ್ಗುತ್ತದೆ. "ಹೊಲದಾಗ", "ಅಂದ್ರ", "ಕೊಯ್ದು" ಅಂತ ನಿಂತರೆ ಇನ್ನೂ ಇದೆ, "ಬೇಕ್ರಿ", "ಎಷ್ಟಾಗ್ತದರಿ" ಅಂತ ನಿಂತರೆ ಮುಗಿದಿದೆ. "ಏನು ತೊಂದರೆ ಆಗಿದೆ, ಹೇಳಿ" ಎನ್ನುವ ಬಿಚ್ಚು ಪ್ರಶ್ನೆಗೆ ಮೂರರಲ್ಲಿ ಇದೇ ಮೇಲು. ಆದರೆ "ಮೂರ್ ಎಕ್ರೆ" ನೋಡಲು ಪೂರ್ತಿಯೇ, ಅಲ್ಲಿ ಇದು ಸೋಲುತ್ತದೆ. ಅದಕ್ಕೇ ಎರಡನೆಯದನ್ನು ಬುಡವಾಗಿಟ್ಟು, ಇದನ್ನು ಬಿಚ್ಚು ಪ್ರಶ್ನೆಗಳಿಗೆ ಮಾತ್ರ ಹಚ್ಚಿ.

ಮೂರಕ್ಕೂ ಒಂದು ಗರಿಷ್ಠ ಮಿತಿ ಬೇಕೇ ಬೇಕು. ಟ್ರ್ಯಾಕ್ಟರ್ ಪಕ್ಕ ನಿಂತು ಮಾತಾಡುವವರ ಕರೆಯಲ್ಲಿ ಮಾತು ಯಾವುದು, ಮೌನ ಯಾವುದು ಎಂದು ಪತ್ತೆಹಚ್ಚುವ ವೆಬ್‌ಆರ್‌ಟಿಸಿಯ ಸಾಧನ ಟ್ರ್ಯಾಕ್ಟರಿನ ಸದ್ದನ್ನೂ ಮಾತೆನ್ನುತ್ತದೆ, ಮೌನ ಬರುವುದೇ ಇಲ್ಲ. ಅದೇ ಕೆಲಸದ ಸಿಲೆರೋ ಎಂಬ ಮಾಡೆಲ್ ಅಲ್ಲಿ ವಾಸಿ, 8 ಕಿಲೋಹರ್ಟ್ಸ್ ಫೋನ್ ಧ್ವನಿಯನ್ನು ನೇರವಾಗಿ ತೆಗೆದುಕೊಳ್ಳುತ್ತದೆ. ಸಣ್ಣ ಉತ್ತರಕ್ಕೆ 8 ಸೆಕೆಂಡಿಗೆ ಕತ್ತರಿಸಿ. ಲಾಗ್‌ನಲ್ಲಿ ಸರದಿ ಮುಗಿದದ್ದು ಮೌನದಿಂದಲೋ ಮಿತಿಯಿಂದಲೋ ಅಂತ ಬರೆದಿಡಿ. ಮಿತಿಯಿಂದ ಮುಗಿದವು ಜಾಸ್ತಿಯಾದರೆ ಕಾರಣ ಗದ್ದಲ.

ಪದವೇ ತಪ್ಪಿ ಬಂದರೆ

ಸಾಮಾನ್ಯ ಫೋನ್ ಕರೆ ಸುಮಾರು 3400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತದೆ. ಸಕಾರದ ಬಲದ ಹೆಚ್ಚು ಪಾಲು ಅದಕ್ಕಿಂತ ಮೇಲಿರುವುದರಿಂದ ಸ, ಶ ಕಲಸಿಹೋಗುತ್ತವೆ. ಊರಿನ ಹೆಸರು "ಸಿರವಾರ" ಅಂದದ್ದು "ಶನಿವಾರ" ಆಗಬಹುದು. ಮಾನ್ವಿ "ಮನವಿ" ಆಗುವುದಕ್ಕೆ ಕಾರಣ ಬೇರೆ: ಮಾಡೆಲ್‌ಗೆ ಬಳಕೆಯ ಪದದತ್ತ ಒಲವು. ಊರು ಕೇಳಿದಾಗ ಬಂದ ಪಠ್ಯವನ್ನು ನಿಮ್ಮ ಊರುಗಳ ಪಟ್ಟಿಯೊಂದಿಗೆ ಮಾತ್ರ ಹೋಲಿಸಿ, ಹತ್ತಿರದ್ದನ್ನು ಎತ್ತಿಕೊಳ್ಳಿ.

ಖಚಿತಪಡಿಸುವುದನ್ನು ಮುಂದಿನ ಪ್ರಶ್ನೆಯೊಳಗೇ ಸೇರಿಸಿ: "ಸಿರವಾರದಾಗ ಎಷ್ಟು ಎಕರೆ ಐತ್ರಿ?" ತಪ್ಪಿದ್ದರೆ ಅವರೇ "ಅಲ್ರಿ" ಅನ್ನುತ್ತಾರೆ. ಎಕರೆ, ತಾರೀಖು, ನಂಬರನ್ನು ಮಾತ್ರ ಕೊನೆಗೊಮ್ಮೆ ಓದಿ ಹೌದು ಅನಿಸಿಕೊಳ್ಳಿ. ಅದೇ ಉತ್ತರ ಎರಡು ಸಲ ತಪ್ಪಿದರೆ ಮೂರನೇ ಸಲ ಕೇಳಬೇಡಿ: ನಂಬರಾದರೆ ಕೀಪ್ಯಾಡ್ ಒತ್ತಿಸಿ, ಊರಾದರೆ ಕರೆಯನ್ನು ಬುಕಿಂಗ್ ನೋಡಿಕೊಳ್ಳುವವರಿಗೆ ದಾಟಿಸಿ.