ಖೋವಾಕ್ಕೆ ಜೋರು ಉರಿ, ರಬ್ಡಿಗೆ ಸಣ್ಣ ಉರಿ: ಎರಡನ್ನೂ ಮಾಡಿ ನೋಡಿದ ಹೋಲಿಕೆ

ಖೋವಾ ಆಗಲಿ, ರಬ್ಡಿ ಆಗಲಿ, ಹಾಲನ್ನು ಬತ್ತಿಸಿಯೇ ಮಾಡಬೇಕು. ಹಾಗಾಗಿ ರಬ್ಡಿ ಅಂದರೆ ಅರ್ಧಕ್ಕೆ ನಿಲ್ಲಿಸಿದ ಖೋವಾ ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಸರಿಯಲ್ಲ. ಖೋವಾ ಮಾಡುವಾಗ ಕೆನೆ ಕಟ್ಟಲು ಬಿಡಬಾರದು. ರಬ್ಡಿಗೆ ಕೆನೆಯೇ ಜೀವ. ಉರಿ, ಕೈಯಾಡಿಸುವ ರೀತಿ, ಸಮಯ ಎಲ್ಲವೂ ಇದರಿಂದಲೇ ಬೇರೆಯಾಗುತ್ತವೆ.

ನಾನು ಎರಡಕ್ಕೂ ಒಂದೊಂದು ಲೀಟರ್ ಗಟ್ಟಿ ಎಮ್ಮೆ ಹಾಲು ತೆಗೆದುಕೊಂಡೆ. ಪಾತ್ರೆ ಒಂದೇ, ದಪ್ಪ ತಳದ ಅಗಲ ಬಾಣಲೆ. ಬಾಯಿ ಅಗಲ ಇದ್ದಷ್ಟೂ ನೀರಿನಂಶ ಬೇಗ ಆವಿಯಾಗುತ್ತದೆ.

ಮೊದಲು ಖೋವಾ. ಇದನ್ನು ಎರಡು ರೀತಿ ಮಾಡಿದೆ. ಒಂದು ಸಲ ಜೋರು ಉರಿಯಲ್ಲಿ, ಕೈ ಬಿಡದೆ ತಿರುವುತ್ತಾ. ಇನ್ನೊಂದು ಸಲ ಸಣ್ಣ ಉರಿಯಲ್ಲಿಟ್ಟು, ಆಗಾಗ ಬಂದು ತಿರುವಿ. ಜೋರು ಉರಿಯದ್ದು ಸುಮಾರು 35 ನಿಮಿಷಕ್ಕೆ ಮುಗಿಯಿತು. ಸಣ್ಣ ಉರಿಯದ್ದಕ್ಕೆ ಒಂದೂವರೆ ಗಂಟೆಗೂ ಜಾಸ್ತಿ ಬೇಕಾಯಿತು. ಸಣ್ಣ ಉರಿಯಲ್ಲಿ ಕೈಗೆ ಬಿಡುವು ಸಿಗುತ್ತದೆ ನಿಜ. ಆದರೆ ಹಾಲು ಅಷ್ಟು ಹೊತ್ತು ಬಿಸಿಯಲ್ಲೇ ಇರುವುದರಿಂದ ಅದರಲ್ಲಿರುವ ಸಕ್ಕರೆ ಮತ್ತು ಪ್ರೋಟೀನ್ ಸೇರಿ ಬಣ್ಣ ಕಂದಾಗುತ್ತದೆ. ನಡುನಡುವೆ ಕಟ್ಟಿದ ಕೆನೆ ಚೂರುಚೂರಾಗಿ ಒಳಗೇ ಉಳಿಯುತ್ತದೆ. ಜಾಮೂನಿಗೆ ಬೇಕಾದ ನುಣುಪು ಬರುವುದಿಲ್ಲ. ಬಿಳುಪು, ನುಣುಪು ಎರಡೂ ಬೇಕು ಅಂದರೆ ನನ್ನ ಮಟ್ಟಿಗೆ ಜೋರು ಉರಿಯೇ ಸರಿ.

ಆದರೆ ಜೋರು ಉರಿ ಕೊನೆಯವರೆಗೂ ಅಲ್ಲ. ಹಾಲು ತೆಳುವಾಗಿರುವಾಗ ಎಷ್ಟು ಕುದಿದರೂ ತೊಂದರೆ ಇಲ್ಲ. ಹಿಟ್ಟಿನ ಗಂಜಿಯ ಹದಕ್ಕೆ ಬಂದಾಗ ಗುಳ್ಳೆಗಳು ದಪ್ಪವಾಗಿ ಟಪ್ ಟಪ್ ಅಂತ ಸಿಡಿಯಲು ಶುರುವಾಗುತ್ತವೆ. ಆಗಲೇ ಉರಿ ತಗ್ಗಿಸಬೇಕು. ಸೌಟನ್ನು ಸುಮ್ನೆ ಸುತ್ತು ತಿರುಗಿಸಿದರೆ ಸಾಲದು. ಚಪ್ಪಟೆ ಬಾಯಿಯ ಮಗುಚುವ ಕೈಯಿಂದ ತಳ ಕೆರೆಯುತ್ತಾ ಹೋಗಬೇಕು, ಬದಿಗೆ ಮೆತ್ತಿದ್ದನ್ನೂ ಒಳಗೆ ತಳ್ಳಬೇಕು. ತಳಕ್ಕೆ ಅಂಟುವ ಪದರ ತೆಳುವಾಗಿದ್ದರೂ ಒಮ್ಮೆ ಸೀದರೆ ಆ ವಾಸನೆ ಇಡೀ ಖೋವಾಕ್ಕೆ ಹತ್ತುತ್ತದೆ. ಹಾಗೇನಾದರೂ ಕಂದು ಚುಕ್ಕೆ ಕಂಡರೆ ಕೆರೆಯಬೇಡಿ, ಮೇಲಿನದನ್ನು ತಕ್ಷಣ ಬೇರೆ ಪಾತ್ರೆಗೆ ಬಗ್ಗಿಸಿ.

ಎಲ್ಲಿ ನಿಲ್ಲಿಸಬೇಕು ಅನ್ನುವುದು ಯಾವುದಕ್ಕೆ ಬೇಕು ಅನ್ನುವುದರ ಮೇಲಿದೆ. ಖೋವಾ ಬಾಣಲೆ ಬಿಟ್ಟು ಒಂದೇ ಮುದ್ದೆಯಾಗಿ, ಅಂಚಿನಲ್ಲಿ ತುಪ್ಪ ಮಿನುಗಿದರೆ ಪೇಡ, ಬರ್ಫಿಗೆ ಹದವಾಯಿತು. ಜಾಮೂನಿಗೆ ಇನ್ನೂ ಸ್ವಲ್ಪ ಮೆತ್ತಗಿರುವಾಗಲೇ ಇಳಿಸಿ, ಆರಿದ ಮೇಲೆ ಅದು ಗಟ್ಟಿಯಾಗುತ್ತದೆ. ಬಾಣಲೆಯ ತೂಕ ಮೊದಲೇ ನೋಡಿಟ್ಟುಕೊಂಡರೆ ಊಹೆ ಬೇಡ. ಲೀಟರ್ ಎಮ್ಮೆ ಹಾಲಿಗೆ ಗಟ್ಟಿ ಖೋವಾ 200 ಗ್ರಾಂ ಆಸುಪಾಸು ಸಿಗುತ್ತದೆ. ಹಸುವಿನ ಹಾಲಾದರೆ 170–180 ಗ್ರಾಂ, ಅದೂ ಹಳದಿ ಛಾಯೆಯಲ್ಲಿ, ಸ್ವಲ್ಪ ಅಂಟಂಟಾಗಿ.

ಈಗ ರಬ್ಡಿ. ಉತ್ತರ ಭಾರತದ ಹಲವಾಯಿಗಳು ಮಾಡುವ, ಕೆನೆ ಎಳೆಎಳೆಯಾಗಿ ಸಿಗುವ ಲಚ್ಛಾ ರಬ್ಡಿಯ ಕ್ರಮವೇ ಬೇರೆ. ಹಾಲು ಒಂದು ಕುದಿ ಬಂದ ಮೇಲೆ ಉರಿ ಪೂರಾ ಸಣ್ಣ ಮಾಡಬೇಕು. ಹಾಲು ಉಕ್ಕಬಾರದು, ಅಂಚಿನಲ್ಲಿ ಸಣ್ಣಗೆ ಅಲುಗಿದರೆ ಸಾಕು. ಮೂರು ನಾಲ್ಕು ನಿಮಿಷಕ್ಕೆ ಮೇಲೆ ತೆಳು ಕೆನೆ ಕಟ್ಟುತ್ತದೆ. ಅದನ್ನು ನಿಧಾನವಾಗಿ ಎಳೆದು ಬಾಣಲೆಯ ಬದಿಗೆ ಅಂಟಿಸಬೇಕು. ಮತ್ತೆ ಕಾಯಬೇಕು, ಮತ್ತೆ ಎಳೆಯಬೇಕು. ಮೇಲೆ ಬೀಸಣಿಗೆಯಿಂದ ಗಾಳಿ ಹಾಕಿದರೆ ಕೆನೆ ಬೇಗ ಕಟ್ಟುತ್ತದೆ. ನಡುವೆ ಒಮ್ಮೊಮ್ಮೆ ಕೆನೆ ಒಡೆಯದ ಹಾಗೆ ತಳವನ್ನು ಮೆಲ್ಲಗೆ ಕೆರೆದುಕೊಳ್ಳಿ.

ಇದಕ್ಕೆ ಒಂದೂಕಾಲು ಗಂಟೆ ಹಿಡಿಯಿತು. ಉಳಿದ ಹಾಲು ಕಾಲು ಭಾಗಕ್ಕೆ ಇಳಿದಾಗ 50–60 ಗ್ರಾಂ ಸಕ್ಕರೆ ಹಾಕಿದೆ. ಸಕ್ಕರೆ ಮೊದಲೇ ಹಾಕಿದರೆ ತಳ ಬೇಗ ಹಿಡಿಯುತ್ತದೆ. ಕೊನೆಗೆ ಬದಿಯ ಕೆನೆಯನ್ನು ಕೆರೆದು ಒಳಗೆ ಬಿಟ್ಟು ಒಂದೆರಡು ಸಲ ಮಾತ್ರ ಮಗುಚಬೇಕು. ಜಾಸ್ತಿ ಕಲಸಿದರೆ ಎಳೆಗಳು ಮುರಿದು ಹೋಗುತ್ತವೆ.

ಬೇಗ ಆಗಲಿ ಅಂತ ರಬ್ಡಿಯನ್ನೂ ಜೋರು ಉರಿಯಲ್ಲಿ ತಿರುವುತ್ತಾ ಮಾಡಿದರೆ ಏನಾಗುತ್ತದೆ ಅಂತಲೂ ನೋಡಿದೆ. ಅರ್ಧ ಗಂಟೆಯೊಳಗೆ ರುಚಿಯಾದ ಗಟ್ಟಿ ಹಾಲು ಸಿಕ್ಕಿತು, ಆದರೆ ಎಳೆ ಒಂದೂ ಇರಲಿಲ್ಲ. ಅದು ಬಾಸುಂದಿ, ರಬ್ಡಿಯಲ್ಲ. ಪೂರಿಯ ಜೊತೆ ತಿನ್ನಲು ಅದೇ ಚೆನ್ನ, ಅಷ್ಟು ಹೊತ್ತು ಒಲೆ ಮುಂದೆ ನಿಲ್ಲುವ ಅಗತ್ಯವೇ ಇಲ್ಲ.

ರಬ್ಡಿಗೆ ಹಾಲು ಆರಿಸುವಾಗ ಮಾತ್ರ ಒಂದು ಎಚ್ಚರ ಬೇಕು. ಹೋಮೊಜನೈಸ್ ಮಾಡಿದ ಪ್ಯಾಕೆಟ್ ಹಾಲಿನಲ್ಲಿ ಕೊಬ್ಬು ಸಣ್ಣ ಕಣಗಳಾಗಿ ಒಡೆದು ಹಾಲಲ್ಲೇ ಹರಡಿರುತ್ತದೆ, ಮೇಲೆ ತೇಲಿ ಬರುವುದಿಲ್ಲ. ಅದರಲ್ಲಿ ದಪ್ಪ ಕೆನೆ ಕಟ್ಟುವುದಿಲ್ಲ, ಎಷ್ಟು ಕಾದರೂ ತೆಳು ಪೊರೆ ಮಾತ್ರ. ಪ್ಯಾಕೆಟ್ ಮೇಲೆ ಬರೆದಿರುತ್ತದೆ, ನೋಡಿ ತನ್ನಿ. ಇಲ್ಲವೇ ಒಂದು ಲೋಟ ಹಾಲು ಕಾಯಿಸಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಚಮಚದಲ್ಲಿ ಎತ್ತುವಷ್ಟು ಕೆನೆ ಇಲ್ಲದಿದ್ದರೆ ಆ ಹಾಲನ್ನು ಖೋವಾಕ್ಕೆ ಬಳಸಿ.